ಟ್ಯಾಲಿ ಆದರೂ ತಪ್ಪಾದ ಲೆಕ್ಕ: ಸ್ಟಾಯ್ಕಿಯೋಮೆಟ್ರಿ ಹಾಳೆಯಲ್ಲಿ ದೋಷ ಹುಡುಕುವ ಬಗೆ

ನಾನು ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹೋದ ವಾರ ಫಸ್ಟ್ ಪಿಯುಸಿಯ ಹುಡುಗಿಯೊಬ್ಬಳು ಒಂದು ಹಾಳೆ ತಂದು ಮೇಜಿನ ಮೇಲೆ ಇಟ್ಟಳು. "ಸರ್, ಲೆಕ್ಕ ಟ್ಯಾಲಿ ಆಗಿದೆ. ಆದ್ರೆ ಉತ್ತರ ಮಾತ್ರ ಒಂದೂ ಹೊಂದ್ತಿಲ್ಲ" ಅಂದಳು.

ಪ್ರಶ್ನೆ ಇಷ್ಟು: 8.5 ಗ್ರಾಂ ಅಮೋನಿಯಾ ಮತ್ತು 16 ಗ್ರಾಂ ಆಕ್ಸಿಜನ್ ಬಿಸಿ ಪ್ಲಾಟಿನಂ ಜಾಲರಿಯ ಮೇಲೆ ಹಾದು ನೈಟ್ರಿಕ್ ಆಕ್ಸೈಡ್ ಮತ್ತು ನೀರು ಆಗುತ್ತವೆ. ಯಾವುದು ಎಷ್ಟು ಗ್ರಾಂ ಸಿಗುತ್ತದೆ? ಯಾವುದು ಎಷ್ಟು ಉಳಿಯುತ್ತದೆ? ಪರಮಾಣು ರಾಶಿಗಳು ಮೇಲೆಯೇ ಇದ್ದವು: N = 14, H = 1, O = 16. ನೈಟ್ರಿಕ್ ಆಸಿಡ್ ಮಾಡುವ ಓಸ್ಟ್ವಾಲ್ಡ್ ವಿಧಾನದ ಮೊದಲ ಹೆಜ್ಜೆ ಇದೇ.

ಅವಳ ಉತ್ತರ ಹೀಗಿತ್ತು: NO 15 ಗ್ರಾಂ, ನೀರು 6.75 ಗ್ರಾಂ, ಉಳಿದ ಆಕ್ಸಿಜನ್ 2.75 ಗ್ರಾಂ. ಮೂರನ್ನೂ ಕೂಡಿದರೆ 24.5. ಹಾಕಿದ್ದು 8.5 + 16, ಅದೂ 24.5. ಕೆಳಗೆ ಎರಡು ಗೆರೆ ಎಳೆದು ಟಿಕ್ ಹಾಕಿದ್ದಳು. ಆದರೆ ಸರಿಯಾದ ಉತ್ತರ NO 12 ಗ್ರಾಂ, ನೀರು 10.8 ಗ್ರಾಂ, ಮತ್ತು ಉಳಿಯುವುದು ಆಕ್ಸಿಜನ್ ಅಲ್ಲವೇ ಅಲ್ಲ, 1.7 ಗ್ರಾಂ ಅಮೋನಿಯಾ. ಮೂರಕ್ಕೆ ಮೂರೂ ತಪ್ಪು, ಮೊತ್ತ ಮಾತ್ರ ಸರಿ!

ಇಂಥ ಹಾಳೆ ಕೈಗೆ ಬಂದಾಗ ಎಲ್ಲವನ್ನೂ ಹೊಡೆದುಹಾಕಿ ಸರಿ ಲೆಕ್ಕ ಬರೆದುಕೊಡುವುದು ಸುಲಭ. ಹಾಗೆ ಮಾಡಿದರೆ ಅವಳ ತಪ್ಪು ಎಲ್ಲಿತ್ತು ಅನ್ನುವುದು ಅವಳಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಹಾಗಾಗಿ ಇದೇ ಹಾಳೆಯನ್ನು ಹಿಡಿದು ದೋಷ ಹುಡುಕುವ ದಾರಿಯನ್ನು ಬರೆಯುತ್ತಿದ್ದೇನೆ.

ಮೊದಲು ಆ ಟಿಕ್ ಬಗ್ಗೆ

ಉಳಿದ 2.75 ಗ್ರಾಂ ಆಕ್ಸಿಜನ್ ಎಲ್ಲಿಂದ ಬಂತು ಅಂತ ಕೇಳಿದೆ. "ಒಟ್ಟು 24.5ರಲ್ಲಿ 15 ಮತ್ತು 6.75 ಕಳೆದೆ ಸರ್" ಅಂದಳು. ಅಲ್ಲೇ ಇದೆ ನೋಡಿ ವಿಷಯ. ಉಳಿದದ್ದನ್ನು ಕಳೆದು ಬರೆದರೆ ಮೊತ್ತ ಯಾವಾಗಲೂ ಟ್ಯಾಲಿ ಆಗುತ್ತದೆ. NO 3 ಗ್ರಾಂ, ನೀರು 1 ಗ್ರಾಂ ಅಂತ ಬರೆದಿದ್ದರೂ ಟ್ಯಾಲಿ ಆಗುತ್ತಿತ್ತು. ಅದು ಪರೀಕ್ಷೆ ಅಲ್ಲ, ಕಳೆದದ್ದನ್ನೇ ಮತ್ತೆ ಕೂಡಿದ್ದು ಅಷ್ಟೇ.

ರಾಶಿ ಉಳಿಯುತ್ತದೆ ಅನ್ನುವ ನಿಯಮ ನಮಗೆ ಪರೀಕ್ಷೆಯಾಗಿ ಕೆಲಸ ಮಾಡಬೇಕಾದರೆ, ಉಳಿಕೆಯನ್ನು ಮೋಲ್ ಲೆಕ್ಕದಿಂದಲೇ ಬೇರೆಯಾಗಿ ತೆಗೆಯಬೇಕು. ಎಷ್ಟು ಮೋಲ್ ಇತ್ತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಅಂತ. ಆಮೇಲೆ ಗ್ರಾಂಗೆ ತಿರುಗಿಸಿ ಕೂಡಬೇಕು. ಆಗ ಟ್ಯಾಲಿ ಆದರೆ ಅದಕ್ಕೆ ಬೆಲೆ ಇದೆ.

ಅವಳ ಹಾಳೆಯಲ್ಲೇ ಮಾಡಿ ನೋಡಿದೆವು. ಅವಳ ಪ್ರಕಾರ 0.5 ಮೋಲ್ ಅಮೋನಿಯಾ ಪೂರ್ತಿ ಖರ್ಚಾಗಿದೆ. 4 ಮೋಲ್ ಅಮೋನಿಯಾಗೆ 5 ಮೋಲ್ ಆಕ್ಸಿಜನ್ ಬೇಕು. ಅಂದರೆ 0.5ಕ್ಕೆ 0.625 ಮೋಲ್, ಅಂದರೆ 20 ಗ್ರಾಂ. ಕೊಟ್ಟಿರುವುದೇ 16 ಗ್ರಾಂ. ಉಳಿಕೆ ಮೈನಸ್ 4 ಗ್ರಾಂ! ಉಳಿಕೆಯಲ್ಲಿ ಮೈನಸ್ ಬಂದರೆ ಒಂದೇ ಅರ್ಥ: ಯಾವುದು ಮೊದಲು ಮುಗಿಯುತ್ತದೆ ಅನ್ನುವ ತೀರ್ಮಾನ ತಲೆಕೆಳಗಾಗಿದೆ. ಕಳೆಯುವ ದಾರಿ ಹಿಡಿದದ್ದರಿಂದ ಈ ಮೈನಸ್ ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಸಮೀಕರಣ: ಸೂತ್ರ ಮೊದಲು, ಎಣಿಕೆ ಆಮೇಲೆ

ಗ್ರಾಂ, ಮೋಲ್ ಎಲ್ಲ ಪಕ್ಕಕ್ಕಿಟ್ಟು ಸಮೀಕರಣಕ್ಕೆ ಬಂದೆವು. ಅವಳು ನೀಟಾಗಿ ಬರೆದಿದ್ದ ಸಾಲು ಇದು:

4NH₃ + 5O₂ → 4NO + 3H₂O

ಬೆರಳಿಟ್ಟು ಎಣಿಸಿ. ನೈಟ್ರೋಜನ್ ಎಡಕ್ಕೆ 4, ಬಲಕ್ಕೆ 4. ಹೈಡ್ರೋಜನ್ ಎಡಕ್ಕೆ 12, ಬಲಕ್ಕೆ 6. ಆಕ್ಸಿಜನ್ ಎಡಕ್ಕೆ 10, ಬಲಕ್ಕೆ 7. ನೈಟ್ರೋಜನ್ ಹೊಂದಿತು ಅಂತ ಅಲ್ಲಿಗೇ ನಿಲ್ಲಿಸಿದ್ದಳೋ ಏನೋ. ಎರಡು ಧಾತು ತಪ್ಪಿದ್ದರೂ ಎರಡೂ ಇರುವುದು ನೀರಿನಲ್ಲಿ. ಹಾಗಾಗಿ ಅನುಮಾನ ನೇರವಾಗಿ ನೀರಿನ ಮುಂದಿನ ಅಂಕಿಯ ಮೇಲೆ ಬೀಳುತ್ತದೆ. ಅಲ್ಲಿ 6 ಇರಬೇಕಿತ್ತು.

ಆ 3 ಎಲ್ಲಿಂದ ಬಂತು? ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ರಫ್ ಮಾಡಿದ್ದಳು. ಅಲ್ಲಿ ಇದ್ದದ್ದು 2NH₃ + ⁵⁄₂O₂ → 2NO + 3H₂O. ಇದು ಪೂರ್ತಿ ಸರಿ. ಆದರೆ ಜಾಗ ಸಾಲದೆ 3H₂O ಒಂದು ಮಾತ್ರ ಕೆಳಗಿನ ಸಾಲಿಗೆ ಇಳಿದಿತ್ತು. ಭಿನ್ನರಾಶಿ ತೆಗೆಯಲು ಮೇಲಿನ ಸಾಲನ್ನು ಎರಡರಿಂದ ಗುಣಿಸಿದ್ದಾಳೆ. ಕೆಳಗೆ ಇಳಿದ ನೀರನ್ನು ಹಾಗೇ ನಕಲು ಮಾಡಿದ್ದಾಳೆ. ರಸಾಯನಶಾಸ್ತ್ರ ಗೊತ್ತಿಲ್ಲದೆ ಆದ ತಪ್ಪಲ್ಲ ಇದು, ಸಾಲು ಮುರಿದದ್ದರಿಂದ ಆದದ್ದು. ಇದಕ್ಕೇ ನಾನು ಯಾವ ಹಾಳೆ ನೋಡುವಾಗಲೂ ರಫ್ ಅಳಿಸಬೇಡಿ ಅಂತ ಹೇಳುತ್ತೇನೆ. ತಪ್ಪಿನ ಜಾಡು ಅಲ್ಲೇ ಇರುತ್ತದೆ. ಸಮೀಕರಣ ಒಂದು ಸಾಲಿನಲ್ಲಿ ಹಿಡಿಸದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ ಬರೆಯುವುದೇ ವಾಸಿ.

ಪರಮಾಣು ಎಣಿಕೆಗೂ ಒಂದು ಮಿತಿ ಇದೆ. ಅದೇ ತಂಡದ ಇನ್ನೊಬ್ಬ ಹುಡುಗನ ಹಾಳೆಯಲ್ಲಿ ಹೀಗಿತ್ತು:

4NH₃ + 7O₂ → 4NO₂ + 6H₂O

ಎಣಿಸಿ ನೋಡಿ. ನೈಟ್ರೋಜನ್ 4 ಮತ್ತು 4, ಹೈಡ್ರೋಜನ್ 12 ಮತ್ತು 12, ಆಕ್ಸಿಜನ್ 14 ಮತ್ತು 14. ಎಲ್ಲಾ ಸರಿದೂಗಿದೆ. ಆದರೆ ಪ್ರಶ್ನೆ ಕೇಳಿದ್ದು ನೈಟ್ರಿಕ್ ಆಕ್ಸೈಡ್, ಅಂದರೆ NO. ಬಣ್ಣವಿಲ್ಲದ ಅನಿಲ. ಅವನು ಬರೆದದ್ದು NO₂, ಕಂದು ಬಣ್ಣದ ಬೇರೆಯೇ ಅನಿಲ. ಆಕ್ಸಿಜನ್ ಬೆಸ ಸಂಖ್ಯೆಯಲ್ಲಿ ಸಿಕ್ಕಿಹಾಕಿಕೊಂಡಾಗ NO ಕೆಳಗೆ ಒಂದು ಪುಟ್ಟ 2 ಸೇರಿಸಿಬಿಟ್ಟಿದ್ದಾನೆ. ಇಂಕು ನೋಡಿದರೆ ಗೊತ್ತಾಗುತ್ತದೆ: ಆ 2 ಉಳಿದ ಅಕ್ಷರಗಳಿಗಿಂತ ಚಿಕ್ಕದು, O ಮತ್ತು + ನಡುವೆ ತುರುಕಿದ ಹಾಗಿರುತ್ತದೆ. ಸೂತ್ರದ ಒಳಗಿನ ಅಂಕಿ ಬದಲಾದರೆ ವಸ್ತುವೇ ಬದಲಾಗುತ್ತದೆ. ಮುಂದಿನ ಅಂಕಿ ಬದಲಾದರೆ ಪ್ರಮಾಣ ಮಾತ್ರ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಪ್ರಶ್ನೆಯ ಹೆಸರುಗಳನ್ನು ಓದಿ, ಒಂದೊಂದು ಸೂತ್ರವೂ ಆ ಹೆಸರಿನದ್ದೇ ಹೌದಾ ನೋಡಿ. ಆಮೇಲೆ ಪರಮಾಣು ಎಣಿಸಿ. ಉಲ್ಟಾ ಮಾಡಿದರೆ ಎಣಿಕೆ ಸರಿ ಬಂದ ಖುಷಿಯಲ್ಲಿ ಸೂತ್ರ ನೋಡುವುದೇ ಮರೆಯುತ್ತದೆ. 4NH₃ + 3O₂ → 2N₂ + 6H₂O ಕೂಡ ಸರಿದೂಗಿದ ಸಮೀಕರಣವೇ, ನಿಜವಾಗಿ ನಡೆಯುವ ಕ್ರಿಯೆಯೂ ಹೌದು. ಆದರೆ ನಮ್ಮ ಪ್ರಶ್ನೆಯದ್ದಲ್ಲ. ಯಾವ ವಸ್ತು ಉಂಟಾಗುತ್ತದೆ ಅನ್ನುವುದನ್ನು ಎಣಿಕೆ ಹೇಳುವುದಿಲ್ಲ.

ಸಮೀಕರಣವನ್ನೇ ತೂಗುವುದು

ಮುಂದಿನದು ಮೋಲಾರ್ ರಾಶಿ. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪರೀಕ್ಷೆ ಇದೆ. ಕೊಟ್ಟ ಗ್ರಾಂಗಳನ್ನು ಮರೆತು, ಸಮೀಕರಣವನ್ನೇ ತೂಗಿ. NH₃ 17, O₂ 32, NO 30, H₂O 18.

ಎಡಕ್ಕೆ 4 × 17 + 5 × 32 = 68 + 160 = 228.
ಬಲಕ್ಕೆ 4 × 30 + 6 × 18 = 120 + 108 = 228.

ಎರಡು ನಿಮಿಷದ ಕೆಲಸ. ಮುಂದಿನ ಅಂಕಿಗಳನ್ನೂ ಮೋಲಾರ್ ರಾಶಿಗಳನ್ನೂ ಒಟ್ಟಿಗೆ ಪರೀಕ್ಷಿಸಿದ ಹಾಗಾಯಿತು. ಹೊಂದದಿದ್ದರೆ ವ್ಯತ್ಯಾಸ ಎಷ್ಟು ಅಂತ ನೋಡಿ, ಅದೇ ದೋಷದ ಜಾಗ ತೋರಿಸುತ್ತದೆ. ಅವಳ ಸಮೀಕರಣದಲ್ಲಿ ಬಲಕ್ಕೆ 120 + 54 = 174 ಬಂತು. ಕೊರತೆ 54. ಅಂದರೆ ಸರಿಯಾಗಿ ಮೂರು ನೀರು. ಯಾರಾದರೂ O₂ಗೆ 32ರ ಬದಲು 16 ಹಾಕಿದ್ದರೆ ಎಡಕ್ಕೆ 68 + 80 = 148 ಆಗುತ್ತಿತ್ತು. ಕೊರತೆ 80, ಅಂದರೆ ಐದು ಹದಿನಾರು. ಸಮೀಕರಣದಲ್ಲಿ ಐದು ಇರುವುದು ಆಕ್ಸಿಜನ್ ಮುಂದೆ ಮಾತ್ರ. ಬೇರೆ ಕಡೆ ಹುಡುಕಬೇಕಾಗಿಯೇ ಇಲ್ಲ.

ಇದಕ್ಕೂ ಕಣ್ಣಿಗೆ ಕಾಣದ ಒಂದು ತಪ್ಪಿದೆ. ಪರಮಾಣು ರಾಶಿಯ ಬದಲು ಪರಮಾಣು ಸಂಖ್ಯೆ ತೆಗೆದುಕೊಳ್ಳುವುದು. ನೈಟ್ರೋಜನ್‌ಗೆ 14 ಬದಲು 7 ಹಾಕಿ ನೋಡಿ. NH₃ 10 ಆಗುತ್ತದೆ, NO 23 ಆಗುತ್ತದೆ. ಎಡಕ್ಕೆ 40 + 160 = 200. ಬಲಕ್ಕೆ 92 + 108 = 200. ಚೆನ್ನಾಗಿ ಹೊಂದಿತು! ಎರಡೂ ಕಡೆ ನಾಲ್ಕು ನಾಲ್ಕು ನೈಟ್ರೋಜನ್ ಇರುವುದರಿಂದ ಎರಡೂ ಕಡೆ ಒಂದೇ ತಪ್ಪು ಸೇರುತ್ತದೆ, ತೂಕ ಸಮವಾಗಿಯೇ ನಿಲ್ಲುತ್ತದೆ. ಹೀಗೆ ಮುಂದುವರಿದರೆ ಕೊನೆಯ ಗ್ರಾಂ ಲೆಕ್ಕವೂ ಟ್ಯಾಲಿ ಆಗುತ್ತದೆ: NO 9.2, ನೀರು 10.8, ಉಳಿದ ಅಮೋನಿಯಾ 4.5, ಒಟ್ಟು 24.5. ಆದ್ದರಿಂದ ಪರಮಾಣು ರಾಶಿಯನ್ನು ಮಾತ್ರ ಪ್ರಶ್ನೆಯಲ್ಲಿ ಕೊಟ್ಟ ಅಂಕಿಗೆ ಕಣ್ಣಾರೆ ಹೋಲಿಸಲೇಬೇಕು. ಸರಿ ಉತ್ತರ ಕೈಯಲ್ಲಿ ಇಲ್ಲದಿದ್ದರೆ ಬೇರೆ ದಾರಿ ಇಲ್ಲ.

ಇನ್ನೊಂದು ಸಣ್ಣ ವಿಷಯ. ಕೆಲವರು 4NH₃ = 68 ಅಂತ ಬರೆದು 8.5ನ್ನು 68ರಿಂದ ಭಾಗಿಸುತ್ತಾರೆ. 0.125 ಬರುತ್ತದೆ. ಅದು ತಪ್ಪು ಅಂತ ತಕ್ಷಣ ಹೊಡೆದುಹಾಕಬೇಡಿ. ಮುಂದೆ NOಗೂ 120 ಇಟ್ಟುಕೊಂಡು ಗುಣಿಸಿದ್ದರೆ ದಾರಿ ಸರಿಯೇ. ಒಂದು ಕಡೆ ಮುಂದಿನ ಅಂಕಿ ಸೇರಿಸಿ, ಇನ್ನೊಂದು ಕಡೆ ಬಿಟ್ಟಾಗ ಮಾತ್ರ ಉತ್ತರ ನಾಲ್ಕು ಪಟ್ಟು ಕೆಡುತ್ತದೆ.

ಯಾವುದು ಮೊದಲು ಮುಗಿಯುತ್ತದೆ

ಈಗ ಆ ಮೈನಸ್ 4 ಗ್ರಾಂ ಕಡೆಗೆ ಬರೋಣ. ಹಾಳೆಯ ಬಲ ಮೂಲೆಯಲ್ಲಿ ಸಣ್ಣದಾಗಿ "8.5 < 16" ಅಂತ ಬರೆದು, ಪಕ್ಕದಲ್ಲಿ NH₃ಗೆ ಸುತ್ತು ಹಾಕಿದ್ದಳು. ಅಂದರೆ ಲಿಮಿಟಿಂಗ್ ರಿಯೇಜೆಂಟ್ ಅನ್ನು ಗ್ರಾಂ ನೋಡಿಯೇ ಆರಿಸಿದ್ದಾಳೆ. ಆಕ್ಸಿಜನ್‌ನ ಮೋಲ್ ಹಾಳೆಯಲ್ಲಿ ಎಲ್ಲೂ ತೆಗೆದೇ ಇಲ್ಲ. ನಾನು ಮೊದಲು ಹುಡುಕುವುದೇ ಅದನ್ನು: ಎರಡು ವಸ್ತು ಕೊಟ್ಟಿದ್ದರೆ ಎರಡಕ್ಕೂ ಮೋಲ್ ಸಾಲು ಇದೆಯಾ? ಒಂದೇ ಇದ್ದರೆ ಆ ತೀರ್ಮಾನ ಅಂದಾಜಿನದ್ದು.

ಗ್ರಾಂ ಹೋಲಿಸುವುದು ತಪ್ಪು. ಸುಮ್ನೆ ಮೋಲ್ ಹೋಲಿಸಿದರೂ ಸಾಲದು. ಈ ಪ್ರಶ್ನೆಯಲ್ಲಿ ಅಮೋನಿಯಾ 8.5 ÷ 17 = 0.5 ಮೋಲ್, ಆಕ್ಸಿಜನ್ 16 ÷ 32 = 0.5 ಮೋಲ್. ಎರಡೂ ಸಮ! ಮೋಲ್ ಮಾತ್ರ ನೋಡುವವರಿಗೆ ಏನೂ ತೋಚುವುದಿಲ್ಲ. ಸಮೀಕರಣದ ಮುಂದಿನ ಅಂಕಿಯಿಂದ ಭಾಗಿಸಬೇಕು. ಅಮೋನಿಯಾ 0.5 ÷ 4 = 0.125. ಆಕ್ಸಿಜನ್ 0.5 ÷ 5 = 0.1. ಚಿಕ್ಕದು ಆಕ್ಸಿಜನ್‌ದು. ಅದೇ ಮೊದಲು ಮುಗಿಯುತ್ತದೆ.

ಅಡುಗೆಮನೆ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಸಲ ಹಿಟ್ಟು ಕಲಸಲು ನಾಲ್ಕು ಲೋಟ ಅಕ್ಕಿಹಿಟ್ಟು, ಐದು ಲೋಟ ನೀರು ಬೇಕು ಅಂದುಕೊಳ್ಳಿ. ಎರಡೂ ಇಪ್ಪತ್ತು ಲೋಟ ಇದ್ದರೆ, ಹಿಟ್ಟು ಐದು ಸಲಕ್ಕೆ ಸಾಕು, ನೀರು ನಾಲ್ಕೇ ಸಲಕ್ಕೆ. ಆ 0.125 ಮತ್ತು 0.1 ಅಂದರೆ ಇದೇ. ಸಮೀಕರಣವನ್ನು ಎಷ್ಟು ಸಲ ನಡೆಸಬಹುದು ಅನ್ನುವ ಸಂಖ್ಯೆ.

ಅದು 0.1 ಅಂತ ಗೊತ್ತಾದ ಮೇಲೆ ಉಳಿದದ್ದು ಸಲೀಸು. NO 0.1 × 4 = 0.4 ಮೋಲ್, 12 ಗ್ರಾಂ. ನೀರು 0.1 × 6 = 0.6 ಮೋಲ್, 10.8 ಗ್ರಾಂ. ಅಮೋನಿಯಾ ಖರ್ಚಾದದ್ದು 0.4 ಮೋಲ್, ಉಳಿದದ್ದು 0.1 ಮೋಲ್, 1.7 ಗ್ರಾಂ. ಎಲ್ಲಾ ಮೋಲ್‌ನಿಂದಲೇ ಬಂದವು, ಯಾವುದನ್ನೂ ಒಟ್ಟು ತೂಕದಿಂದ ಕಳೆದು ತೆಗೆದಿಲ್ಲ. ಈಗ ಕೂಡಿ: 12 + 10.8 + 1.7 = 24.5. ಟಿಕ್ ಹಾಕಬಹುದು.

ತಪ್ಪು ಉತ್ತರವನ್ನು ಸರಿ ಉತ್ತರದಿಂದ ಭಾಗಿಸಿ

ಸರಿ ಉತ್ತರ ಕೈಯಲ್ಲಿದ್ದು, ಹಾಳೆಯ ಬರಹ ಗೋಜಲಾಗಿದ್ದರೆ ಇನ್ನೊಂದು ದಾರಿ ಇದೆ. ಬಹಳ ಹಾಳೆ ನೋಡಬೇಕಾದಾಗ ನಾನು ಮೊದಲು ಮಾಡುವುದು ಇದನ್ನೇ. ಪ್ರತಿ ಉತ್ಪನ್ನದ ತಪ್ಪು ಉತ್ತರವನ್ನು ಸರಿ ಉತ್ತರದಿಂದ ಭಾಗಿಸುತ್ತೇನೆ.

ಎಲ್ಲಾ ಉತ್ಪನ್ನಗಳಲ್ಲೂ ಒಂದೇ ಅನುಪಾತ ಬಂದರೆ ದೋಷ ಮೇಲ್ಗಡೆ ಇದೆ ಅಂತ ಅರ್ಥ. ಅಂದರೆ ಕೊಟ್ಟ ವಸ್ತುವಿನ ಮೋಲ್ ತೆಗೆಯುವಲ್ಲಿ, ಇಲ್ಲವೇ ಲಿಮಿಟಿಂಗ್ ರಿಯೇಜೆಂಟ್ ಆರಿಸುವಲ್ಲಿ. ಅಲ್ಲಿ ಆದ ತಪ್ಪು ಕೆಳಗಿನ ಎಲ್ಲದಕ್ಕೂ ಸಮನಾಗಿ ಹರಿಯುತ್ತದೆ. ಒಂದೇ ಉತ್ಪನ್ನ ಮಾತ್ರ ಕೆಟ್ಟಿದ್ದರೆ ದೋಷ ಆ ಉತ್ಪನ್ನದ ಸಾಲಿನಲ್ಲೇ ಇದೆ. ಅದರ ಮುಂದಿನ ಅಂಕಿ, ಇಲ್ಲವೇ ಅದರ ಮೋಲಾರ್ ರಾಶಿ.

ಅವಳ ಹಾಳೆಗೆ ಹಾಕಿ ನೋಡೋಣ. NO: 15 ÷ 12 = 1.25. ನೀರು: 6.75 ÷ 10.8 = 0.625. ಒಂದೇ ಅಲ್ಲ. ಆದರೆ 0.625 ಅಂದರೆ 1.25ರ ಅರ್ಧ! ಅಂದರೆ 1.25 ಅನ್ನುವ ತಪ್ಪು ಎರಡಕ್ಕೂ ಸೇರಿದ್ದು, ಅದು ಮೇಲಿನಿಂದ ಬಂದದ್ದು: 0.1 ಇರಬೇಕಾದಲ್ಲಿ 0.125 ಹಿಡಿದದ್ದು. ಅದರ ಮೇಲೆ ನೀರಿಗೆ ಮಾತ್ರ ಅರ್ಧ ಅನ್ನುವ ಇನ್ನೊಂದು ತಪ್ಪು: 6 ಇರಬೇಕಾದಲ್ಲಿ 3. ಎರಡು ದೋಷ, ಎರಡೂ ಬೇರೆ ಬೇರೆಯಾಗಿ ಕೈಗೆ ಸಿಕ್ಕವು. ಇದನ್ನು ಅವಳ ಮುಂದೆಯೇ ಮಾಡಿದಾಗ ಅವಳು ಪೆನ್ಸಿಲ್ ಕೆಳಗಿಟ್ಟು ಒಂದು ನಿಮಿಷ ಹಾಳೆಯನ್ನೇ ನೋಡುತ್ತಾ ಕೂತಳು.

ಇದೇ ಪರೀಕ್ಷೆ ಆ ಪರಮಾಣು ಸಂಖ್ಯೆಯ ತಪ್ಪನ್ನೂ ಹಿಡಿಯುತ್ತದೆ. ಅಲ್ಲಿ NO 9.2, ಸರಿ ಉತ್ತರ 12. ಅನುಪಾತ ಸುಮಾರು 0.77. ನೀರು 10.8, ಸರಿಯಾಗಿಯೇ ಇದೆ. ನೀರು ಸರಿ, NO ಮಾತ್ರ ತಪ್ಪು ಅಂದರೆ NO ಸಾಲು ನೋಡಿ. 0.77 ಅಂದರೆ 23 ÷ 30. ಎಲ್ಲಾ ಮೊತ್ತಗಳನ್ನೂ ದಾಟಿ ಬಂದ ತಪ್ಪು ಇಲ್ಲಿ ಸಿಕ್ಕಿಬಿತ್ತು.

ಅನುಪಾತ 2, ½, ⁵⁄₄, ⅔ ಥರ ಸರಳ ಭಿನ್ನರಾಶಿ ಆಗಿದ್ದರೆ ಮುಂದಿನ ಅಂಕಿ ಅಥವಾ O₂ಗೆ 16 ಹಾಕಿದಂಥ ತಪ್ಪು ಇರುವುದೇ ಜಾಸ್ತಿ. ಸಾವಿರ ಬಂದರೆ ಮಿಲಿಗ್ರಾಂ ಗ್ರಾಂ ಗೊಂದಲ. 1.01 ಸುಮಾರು ಬಂದರೆ ತಪ್ಪು ಅಂತ ಗುರುತು ಹಾಕುವ ಮೊದಲು ಯೋಚಿಸಿ. ಕ್ಲೋರಿನ್‌ಗೆ 35.5 ಬದಲು 35 ಹಾಕಿದರೂ HClನಲ್ಲಿ ಅಷ್ಟೇ ವ್ಯತ್ಯಾಸ ಬರುತ್ತದೆ. ಅನಿಲದ ಗಾತ್ರ ಕೇಳಿದ್ದರೆ ಒಬ್ಬರು ಮೋಲ್‌ಗೆ 22.4 ಲೀಟರ್ ಅಂತ, ಇನ್ನೊಬ್ಬರು 22.7 ಲೀಟರ್ ಅಂತ ಹಿಡಿದಿರಬಹುದು. ಮೊದಲನೆಯದು 1 ಅಟ್ಮಾಸ್ಫಿಯರ್ ಒತ್ತಡಕ್ಕೆ, ಎರಡನೆಯದು 1 ಬಾರ್ ಒತ್ತಡಕ್ಕೆ, ಎರಡೂ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ 0.4 ಮೋಲ್ NO ಒಂದರಲ್ಲಿ 8.96 ಲೀಟರ್, ಇನ್ನೊಂದರಲ್ಲಿ 9.08 ಲೀಟರ್. ಪ್ರಶ್ನೆಯಲ್ಲಿ ಯಾವ ಒತ್ತಡ ಹೇಳಿದ್ದಾರೆ ಅನ್ನುವುದರ ಮೇಲೆ ಉತ್ತರ ನಿಲ್ಲುತ್ತದೆ.

ಒಂದು ಎಚ್ಚರ. ಅನುಪಾತ ದೋಷದ ಜಾಗ ಹೇಳುತ್ತದೆ, ಕಾರಣ ಯಾವಾಗಲೂ ಹೇಳುವುದಿಲ್ಲ. NO 15 ಗ್ರಾಂ ಅನ್ನುವ ಉತ್ತರ ಎರಡು ದಾರಿಯಲ್ಲಿ ಬರಬಹುದು. ಒಂದು, ಇವಳ ಹಾಗೆ ಗ್ರಾಂ ನೋಡಿ ಅಮೋನಿಯಾವನ್ನು ಆರಿಸುವುದು. ಇನ್ನೊಂದು, ಆಕ್ಸಿಜನ್‌ಗೆ 16 ÷ 16 = 1 ಮೋಲ್ ಅಂತ ಮಾಡಿ, ಆಮೇಲೆ ಸರಿಯಾಗಿಯೇ 0.125 ಮತ್ತು 0.2 ಹೋಲಿಸಿ ಅಮೋನಿಯಾಗೆ ಬರುವುದು. ಉತ್ತರ ಒಂದೇ, ತಪ್ಪು ಬೇರೆ. ಮೊದಲನೆಯವರಿಗೆ ಹೋಲಿಸುವುದನ್ನು ಹೇಳಿಕೊಡಬೇಕು. ಎರಡನೆಯವರಿಗೆ ಹೋಲಿಸುವುದು ಬರುತ್ತದೆ, ಆಕ್ಸಿಜನ್ ಅನಿಲ ಜೋಡಿ ಪರಮಾಣು ಅನ್ನುವುದು ಮಾತ್ರ ಕೈತಪ್ಪಿದೆ. ಹಾಳೆಯಲ್ಲಿ ಆಕ್ಸಿಜನ್‌ನ ಮೋಲ್ ಸಾಲು ಇದೆಯೋ ಇಲ್ಲವೋ ನೋಡಿದರೆ ಯಾರು ಯಾರು ಅಂತ ತಿಳಿಯುತ್ತದೆ. ಮಾರ್ಕ್ಸ್ ಕೊಡುವಾಗಲೂ ಇಬ್ಬರಿಗೂ ಒಂದೇ ಥರ ಕಳೆಯುವುದು ನ್ಯಾಯ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮರುದಿನ ಅವಳಿಗೆ ಅದೇ ಪ್ರಶ್ನೆ ಕೊಟ್ಟೆ, ಆಕ್ಸಿಜನ್ ಮಾತ್ರ 32 ಗ್ರಾಂ ಮಾಡಿದೆ. ಹಾಳೆಯನ್ನು ಅಡ್ಡ ತಿರುಗಿಸಿ ಸಮೀಕರಣ ಒಂದೇ ಸಾಲಿನಲ್ಲಿ ಬರೆದಳು. ಕೆಳಗೆ 228, 228. ಆಮೇಲೆ 0.125 ಮತ್ತು 0.2. ಈ ಸಲ ಅಮೋನಿಯಾನೇ ಮೊದಲು ಮುಗಿಯುತ್ತದೆ. NO 15, ನೀರು 13.5, ಉಳಿದ ಆಕ್ಸಿಜನ್ 0.375 ಮೋಲ್, 12 ಗ್ರಾಂ. ಕೂಡಿದಳು, 40.5. "ಸರ್, ಈ 15 ಸರಿನಾ? ನಿನ್ನೆ ಇದೇ ತಪ್ಪಾಗಿತ್ತಲ್ವಾ" ಅಂತ ಕೇಳಿದಳು. ಆಕ್ಸಿಜನ್ ಎಷ್ಟು ಬೇಕಿತ್ತು, ಎಷ್ಟು ಇದೆ ಅಂತ ನೀನೇ ನೋಡು ಅಂದೆ. 20 ಬೇಕು, 32 ಇದೆ ಅಂತ ಪಕ್ಕದಲ್ಲಿ ಬರೆದು, ತಾನೇ ಟಿಕ್ ಹಾಕಿಕೊಂಡಳು.